ಚಿಕ್ಕ ಕೋಣೆಗೆ ತಿಳಿ ಬಣ್ಣವನ್ನೇ ಹೊಡೆಯಬೇಕಾ? ಬೆಳಕಿಲ್ಲದ ಕೋಣೆ, ಸಲಹೆ ಬೇಕು

ಶಾಲಿನಿ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 8 ಅಡಿ ಅಗಲ, 10 ಅಡಿ ಉದ್ದದ ಒಂದು ಕೋಣೆ ಇದೆ. ಎತ್ತರ 9 ಅಡಿ. ಇರುವುದು ಒಂದೇ ಕಿಟಕಿ, ಅದರ ಎದುರಿಗೇ ಪಕ್ಕದ ಮನೆಯ ಗೋಡೆ. ಹಾಗಾಗಿ ಬಿಸಿಲು ಒಳಗೆ ಬರುವುದೇ ಇಲ್ಲ.

"ಕೋಣೆ ಚಿಕ್ಕದು, ತಿಳಿ ಬಣ್ಣವೇ ಇರಲಿ" ಅಂತ ಎಲ್ಲರೂ ಹೇಳಿದ್ದಕ್ಕೆ ಕಳೆದ ಸಲ ಆಫ್ ವೈಟ್ ಹೊಡೆಸಿದ್ದೆವು. ಮಧ್ಯಾಹ್ನದ ಹೊತ್ತಲ್ಲೂ ಮೂಲೆಗಳು ಬೂದಿ ಬಳಿದ ಹಾಗೆ ಕಾಣುತ್ತವೆ. ದೊಡ್ಡದಾಗಿ ಕಾಣುವುದಂತೂ ಇಲ್ಲ, ಮಂಕಾಗಿ ಕಾಣುತ್ತದೆ ಅಷ್ಟೇ.

ಈಗ ಮತ್ತೆ ಪೇಂಟ್ ಮಾಡಿಸುವ ಸಮಯ ಬಂದಿದೆ. ನನಗೆ ಕಡು ನೀಲಿ-ಹಸಿರು ಬೇಕು ಅಂತ ಆಸೆ. ಹಗಲಲ್ಲಿ ಆ ಕೋಣೆಗೆ ಯಾರೂ ಹೆಚ್ಚು ಹೋಗುವುದಿಲ್ಲ. ರಾತ್ರಿ ಊಟ ಆದ ಮೇಲೆ ಓದಲು ಕೂರುತ್ತೇವೆ, ನೆಂಟರು ಬಂದರೆ ಅಲ್ಲಿ ಮಲಗುತ್ತಾರೆ. ಮನೆಯವರೆಲ್ಲ "ಗುಹೆ ಆಗಿಬಿಡುತ್ತೆ" ಅಂತಿದ್ದಾರೆ. ಗಾಢ ಬಣ್ಣ ಹೊಡೆದರೆ ಕೋಣೆ ನಿಜವಾಗಿಯೂ ಇನ್ನೂ ಚಿಕ್ಕದಾಗಿ ಕಾಣುತ್ತದಾ? ಹೊಡೆಸುವುದಾದರೆ ಏನೇನು ನೋಡಿಕೊಳ್ಳಬೇಕು?

ಬಣ್ಣದಬುಟ್ಟಿ
ಮೇಡಂ, ಇದರಲ್ಲಿ ಚರ್ಚೆ ಮಾಡುವುದಕ್ಕೆ ಏನಿದೆ? ತಿಳಿ ಬಣ್ಣ ಗೋಡೆಯನ್ನು ಹಿಂದಕ್ಕೆ ಸರಿಸುತ್ತದೆ, ಗಾಢ ಬಣ್ಣ ಮುಂದಕ್ಕೆ ಎಳೆಯುತ್ತದೆ. 8 ಅಡಿ ಅಗಲದ ಕೋಣೆಗೆ ಕಡು ಬಣ್ಣ ಹೊಡೆದರೆ ಉಸಿರು ಕಟ್ಟುತ್ತದೆ. ಆಫ್ ವೈಟ್ ಮಂಕಾಗಿದ್ದರೆ ಅಚ್ಚ ಬಿಳಿ ಹೊಡೆಸಿ, ಸರಿ ಹೋಗುತ್ತದೆ.

ಕಾವ್ಯಾ
ದಯವಿಟ್ಟು ಅಚ್ಚ ಬಿಳಿ ಮಾತ್ರ ಹೊಡೆಸಬೇಡಿ. ಬೆಳಕಿಲ್ಲದ ಕೋಣೆಯಲ್ಲಿ ಅದು ನೀಲಿ ಛಾಯೆಯ ಬೂದು ಆಗಿ ಕಾಣುತ್ತದೆ. ನಮ್ಮ ಅಕ್ಕನ ಮನೆಯಲ್ಲಿ ನೋಡಿದ್ದೇನೆ.

ಹೆಂಚಿನಮನೆ
ಗಾಢ ಬಣ್ಣ ಶಾಖ ಹೀರುತ್ತದೆ ಅನ್ನುವುದನ್ನು ಮರೆಯಬೇಡಿ. ಬೇಸಿಗೆಯಲ್ಲಿ ಕೋಣೆ ಕಾದು ಕೆಂಡ ಆಗುತ್ತದೆ. ನಮ್ಮ ಮನೆ ಹೊರಗೋಡೆಗೆ ಇಟ್ಟಿಗೆ ಕೆಂಪು ಹೊಡೆಸಿದ ಮೇಲೆ ಸಂಜೆ ಗೋಡೆ ಮುಟ್ಟಲು ಆಗುತ್ತಿರಲಿಲ್ಲ.

ನೆರಳುಬೆಳಕು
@ಹೆಂಚಿನಮನೆ, ನೀವು ಹೇಳಿದ್ದು ಹೊರಗೋಡೆಗೆ ಸರಿ. ಅಲ್ಲಿ ನೇರ ಬಿಸಿಲು ಬೀಳುತ್ತದೆ. ಇವರು ಕೇಳಿದ್ದು ಒಳಗೋಡೆ. ಕಿಟಕಿಯಿಂದ ಒಳಗೆ ಬಂದ ಬಿಸಿ ಹೇಗೂ ಕೋಣೆಯಲ್ಲೇ ಉಳಿಯುತ್ತದೆ, ಗೋಡೆ ಬಿಳಿ ಇದ್ದರೂ ಅದರಲ್ಲಿ ಹೆಚ್ಚಿನ ಪಾಲು ನೆಲ, ಹಾಸಿಗೆ, ಸಾಮಾನಿಗೆ ಹೋಗಿ ಸೇರುತ್ತದೆ. ಬಿಸಿಲೇ ಬಾರದ ಕೋಣೆಯಲ್ಲಿ ಈ ಚಿಂತೆ ಬೇಡ.

ಶಾಲಿನಿ ಅವರೇ, ಬಣ್ಣ ಆರಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಮಧ್ಯಾಹ್ನ ಲೈಟ್ ಆರಿಸಿ, ಪ್ರಿಂಟರ್‌ನಲ್ಲಿ ಹಾಕುವಂಥ ಒಂದು ಬಿಳಿ ಹಾಳೆಯನ್ನು ಆ ಮಂಕು ಮೂಲೆಯ ಗೋಡೆಗೆ ಒತ್ತಿ ಹಿಡಿಯಿರಿ. ಆಮೇಲೆ ಬಾಗಿಲ ಹತ್ತಿರ ನಿಂತು ನೋಡಿ. ಹಾಳೆ ಬೆಳ್ಳಗೆ ಕಂಡು ಗೋಡೆ ಮಾತ್ರ ಕೊಳಕಾಗಿ ಕಂಡರೆ ತೊಂದರೆ ಪೇಂಟಿನದು, ಹಳೆಯದಾಗಿದೆ ಅಥವಾ ಧೂಳು ಹಿಡಿದಿದೆ. ಹಾಳೆಯೂ ಬೂದಿಯ ಹಾಗೆ ಕಂಡರೆ ತೊಂದರೆ ಬೆಳಕಿನದು. ಆಗ ಎಷ್ಟು ಬೆಳ್ಳಗಿನ ಪೇಂಟ್ ತಂದರೂ ಅಷ್ಟೇ.

ಶಾಲಿನಿ
ಈಗಲೇ ಹೋಗಿ ನೋಡಿ ಬಂದೆ. ಹಾಳೆಯೂ ಬೂದು! ಗೋಡೆಗೂ ಅದಕ್ಕೂ ದೊಡ್ಡ ವ್ಯತ್ಯಾಸವೇ ಕಾಣಲಿಲ್ಲ. ಇನ್ನೊಂದು ವಿಚಿತ್ರ: ಎಲ್ಲಕ್ಕಿಂತ ಕಪ್ಪಗೆ ಕಂಡದ್ದು ಕಿಟಕಿ ಇರುವ ಗೋಡೆಯೇ. ಕಿಟಕಿ ಅಲ್ಲೇ ಇದೆ, ಆದರೂ ಹೀಗೇಕೆ?

ನೆರಳುಬೆಳಕು
ವಿಚಿತ್ರ ಅಲ್ಲ. ಕಿಟಕಿಯಿಂದ ಬರುವ ಬೆಳಕು ಎದುರಿನ ಗೋಡೆಗೆ, ನೆಲಕ್ಕೆ ಬೀಳುತ್ತದೆ. ಕಿಟಕಿ ಇರುವ ಗೋಡೆಯ ಮೇಲೆ ನೇರವಾಗಿ ಏನೂ ಬೀಳುವುದಿಲ್ಲ. ಬೇರೆ ಗೋಡೆಗಳಿಂದ ಚಿಮ್ಮಿ ವಾಪಸ್ ಬಂದದ್ದಷ್ಟೇ ಅದಕ್ಕೆ ಸಿಗುವುದು. ಮೇಲಾಗಿ ಪಕ್ಕದಲ್ಲೇ ಹೊಳೆಯುವ ಕಿಟಕಿ. ಕಣ್ಣು ಆ ಹೊಳಪಿಗೆ ಹೊಂದಿಕೊಂಡಾಗ ಗೋಡೆ ಇನ್ನೂ ಮಂಕಾಗಿ ಕಾಣುತ್ತದೆ.

ಇಲ್ಲೇ ನೋಡಿ ಎಲ್ಲರೂ ಎಡವುವುದು. ಬಿಳಿ ಪೇಂಟ್ ಬೆಳಕನ್ನು ಹುಟ್ಟಿಸುವುದಿಲ್ಲ. ಬಿದ್ದ ಬೆಳಕಿನಲ್ಲಿ ಬಹುಪಾಲನ್ನು ವಾಪಸ್ ಕೊಡುತ್ತದೆ. ಶೇಡ್ ಕಾರ್ಡ್‌ನ ಹಿಂದೆ ಕೆಲವೊಮ್ಮೆ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಇರುತ್ತದೆ. 80 ಅಂದರೆ ಬಿದ್ದ 100 ಪಾಲಿನಲ್ಲಿ 80 ಪಾಲು ವಾಪಸ್ ಬರುತ್ತದೆ. ನಿಮ್ಮ ಆಫ್ ವೈಟ್ ಸುಮಾರು ಆ ಮಟ್ಟದಲ್ಲಿರಬೇಕು. ನೀವು ಹೇಳುವ ಕಡು ನೀಲಿ-ಹಸಿರು 10ರ ಆಸುಪಾಸು. ಬೆಳಕೇ ಬೀಳದ ಗೋಡೆಯಲ್ಲಿ 80 ಇದ್ದು ಏನು ಪ್ರಯೋಜನ?

ಬಣ್ಣದಬುಟ್ಟಿ
ನೀವು ಹೇಳಿದ್ದರಿಂದ ನನ್ನ ಮಾತೇ ಗಟ್ಟಿಯಾಯಿತು. ಬೆಳಕು ಕಡಿಮೆ ಇದ್ದರೆ ಇರುವುದನ್ನಾದರೂ ಉಳಿಸಿಕೊಳ್ಳಬೇಕು. 80 ವಾಪಸ್ ಕೊಡುವುದನ್ನು ತೆಗೆದು 10 ಕೊಡುವುದನ್ನು ಹಚ್ಚಿದರೆ ಕೋಣೆ ಎಂಟು ಪಟ್ಟು ಕತ್ತಲಾಗುತ್ತದೆ.

ನೆರಳುಬೆಳಕು
ಎಂಟು ಪಟ್ಟು ಆಗುವುದಿಲ್ಲ. ಆದರೆ ಕತ್ತಲಾಗುವುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಇವರ ಕೋಣೆಯನ್ನೇ ಲೆಕ್ಕ ಹಾಕಿ ತೋರಿಸುತ್ತೇನೆ.

ನಾಲ್ಕು ಗೋಡೆ ಸೇರಿ 324 ಚದರ ಅಡಿ. ಸೀಲಿಂಗ್ 80, ನೆಲ 80. ಬೆಳಕು ಇಷ್ಟರ ನಡುವೆಯೂ ಚಿಮ್ಮುತ್ತಾ ಇರುತ್ತದೆ, ಆದ್ದರಿಂದ ಎಲ್ಲದರ ಸರಾಸರಿ ನೋಡಬೇಕು. ಬಿಳಿ ಸೀಲಿಂಗ್ 85, ನೆಲ 30 ಅಂತ ಹಿಡಿಯೋಣ. ಗೋಡೆ 80 ಇದ್ದರೆ ಇಡೀ ಕೋಣೆಯ ಸರಾಸರಿ ಸುಮಾರು 73. ಗೋಡೆ 10 ಆದರೆ ಸರಾಸರಿ ಸುಮಾರು 26. ಪದೇ ಪದೇ ಚಿಮ್ಮುವ ಬೆಳಕನ್ನೂ ಕೂಡಿಸಿದರೆ ಮೊದಲನೆಯದರಲ್ಲಿ ಒಟ್ಟು ಬೆಳಕು ಮೂಲದ ಮೂರೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಎರಡನೆಯದರಲ್ಲಿ ಒಂದೂಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಉಳಿಯುತ್ತದೆ.

ಈಗ ಮುಖ್ಯ ವಿಷಯ. ಇದು ಕೋಣೆ ತುಂಬ ಹರಡಿದ ಬೆಳಕಿನ ಸರಾಸರಿ ಲೆಕ್ಕ. ದೀಪದಿಂದ ನೇರವಾಗಿ ಪುಸ್ತಕದ ಮೇಲೆ ಬೀಳುವ ಬೆಳಕಿಗೆ ಗೋಡೆ ಯಾವ ಬಣ್ಣದ್ದಾದರೂ ಒಂದೇ. ಇವರು ಆ ಕೋಣೆ ಬಳಸುವುದು ರಾತ್ರಿ. ಸೀಲಿಂಗ್ ನಡುವಿನ ಒಂದೇ ದೀಪ ನಂಬಿಕೊಂಡರೆ ಗಾಢ ಗೋಡೆ ಸೋಲುತ್ತದೆ. ಓದುವ ಜಾಗಕ್ಕೆ ಬೇರೆ ದೀಪ ಇಟ್ಟರೆ ಸೋಲುವುದಿಲ್ಲ.

ಸುಮ್ನೆಓದುವವ
ಲೆಕ್ಕ ಚೆನ್ನಾಗಿದೆ. ಆದರೆ ಕೇಳಿದ್ದು ಕತ್ತಲೆ ಬಗ್ಗೆ ಅಲ್ಲವಲ್ಲ, ಚಿಕ್ಕದಾಗಿ ಕಾಣುವ ಬಗ್ಗೆ. ಅದಕ್ಕೆ ಉತ್ತರ ಎಲ್ಲಿ?

ನೆರಳುಬೆಳಕು
ಸರಿಯಾಗಿ ಹಿಡಿದಿರಿ. ಜನ ಈ ಎರಡನ್ನೂ ಒಂದೇ ಅಂದುಕೊಂಡಿರುವುದರಿಂದಲೇ ಈ ನಂಬಿಕೆ ಬೆಳೆದಿದೆ.

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಜರ್ಮನಿಯ ಮೈನ್ಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಕಂಪ್ಯೂಟರ್‌ನಲ್ಲಿ ಕೋಣೆಗಳನ್ನು ತೋರಿಸಿ ಎತ್ತರ ಎಷ್ಟಿರಬಹುದು ಅಂತ ಕೇಳಿದರು. ಸೀಲಿಂಗ್ ತಿಳಿಯಾದಷ್ಟೂ ಕೋಣೆ ಎತ್ತರವಾಗಿ ಕಂಡಿತು. ಗೋಡೆ ತಿಳಿಯಾದಾಗಲೂ ಎತ್ತರ ಜಾಸ್ತಿ ಅನ್ನಿಸಿತು. ನೆಲದ ಬಣ್ಣದಿಂದ ಏನೂ ಆಗಲಿಲ್ಲ. ಸೀಲಿಂಗ್‌ಗೂ ಗೋಡೆಗೂ ನಡುವೆ ಎಷ್ಟು ವ್ಯತ್ಯಾಸ ಇರಬೇಕು ಅಂತ ಅಲಂಕಾರದವರು ದೊಡ್ಡ ನಿಯಮ ಹೇಳುತ್ತಾರಲ್ಲ, ಆ ವ್ಯತ್ಯಾಸಕ್ಕೆ ಬೇರೆಯೇ ಪರಿಣಾಮ ಕಾಣಲಿಲ್ಲ.

ಹಾಗಾಗಿ @ಬಣ್ಣದಬುಟ್ಟಿ ಹೇಳಿದ್ದರಲ್ಲಿ ಹುರುಳಿದೆ. ತಿಳಿ ಬಣ್ಣಕ್ಕೆ ಅಷ್ಟೋ ಇಷ್ಟೋ ಬಲ ಇದೆ. ಆದರೆ ಅದು ಅಂದಾಜಿನಲ್ಲಿ ಆಗುವ ಸಣ್ಣ ಬದಲಾವಣೆ. 8 ಅಡಿ ಕೋಣೆಗೆ ಬಿಳಿ ಹೊಡೆದರೆ ಯಾರೂ ಅದನ್ನು 12 ಅಡಿ ಅಂದುಕೊಳ್ಳುವುದಿಲ್ಲ. "ಚಿಕ್ಕ ಕೋಣೆಗೆ *ಯಾವಾಗಲೂ* ತಿಳಿಯೇ" ಅನ್ನುವುದಕ್ಕೆ ಇದು ಆಧಾರ ಆಗುವುದಿಲ್ಲ.

ಬಣ್ಣದಬುಟ್ಟಿ
ಹುರುಳಿದೆ ಅಂತ ಒಪ್ಪಿದ್ದಕ್ಕೆ ಸಂತೋಷ. ಆದರೆ ಚಿಕ್ಕ ಕೋಣೆಯಲ್ಲಿ ಆ ಸಣ್ಣ ಬದಲಾವಣೆಯೇ ದೊಡ್ಡದು ಅಲ್ವಾ? ಇರುವುದೇ ಕಡಿಮೆ, ಅದನ್ನೂ ಬಿಟ್ಟುಕೊಡಬೇಕಾ?

ಗೋಡೆಕೆಲಸ
ನಾನು ಪೇಂಟಿಂಗ್ ಗುತ್ತಿಗೆ ಮಾಡುವವನು. ಲೆಕ್ಕ, ಅಧ್ಯಯನ ನನಗೆ ಗೊತ್ತಿಲ್ಲ. ಕಣ್ಣಲ್ಲಿ ನೋಡಿದ್ದು ಹೇಳುತ್ತೇನೆ.

ಚಿಕ್ಕ ಕೋಣೆ ಚಿಕ್ಕದಾಗಿ ಕಾಣುವುದು ಗೆರೆಗಳಿಂದ. ಬಿಳಿ ಗೋಡೆ, ಕಂದು ಬಾಗಿಲು, ಕಪ್ಪು ಸ್ಕರ್ಟಿಂಗ್, ಬೇರೆ ಬಣ್ಣದ ಕಿಟಕಿ ಚೌಕಟ್ಟು. ಕೋಣೆಗೆ ಕಾಲಿಟ್ಟ ಕೂಡಲೇ ಕಣ್ಣು ಒಂದೊಂದೇ ಗೆರೆ ಎಣಿಸುತ್ತದೆ. ಗೋಡೆ ಎಲ್ಲಿ ಮುಗಿಯಿತು, ಬಾಗಿಲು ಎಲ್ಲಿ ಶುರುವಾಯಿತು, ಎಲ್ಲ ಲೆಕ್ಕ ಸಿಕ್ಕಿಬಿಡುತ್ತದೆ. ಗೋಡೆ, ಬಾಗಿಲು, ಚೌಕಟ್ಟು, ಸ್ಕರ್ಟಿಂಗ್ ಎಲ್ಲಕ್ಕೂ ಒಂದೇ ಬಣ್ಣ ಹೊಡೆದರೆ ಆ ಗೆರೆ ಮಾಯ. ಇದು ತಿಳಿ ಬಣ್ಣದಲ್ಲೂ ಆಗುತ್ತದೆ, ಗಾಢದಲ್ಲೂ ಆಗುತ್ತದೆ. ಗಾಢದಲ್ಲಿ ಚೆನ್ನಾಗಿ ಆಗುತ್ತದೆ, ಯಾಕೆಂದರೆ ಮೂಲೆಯ ನೆರಳೂ ಅದರಲ್ಲೇ ಸೇರಿ ಹೋಗುತ್ತದೆ. ಶಾಲಿನಿ ಮೇಡಂ ಹೇಳಿದ ಬೂದಿ ಮೂಲೆ ಇದೆಯಲ್ಲ, ಅದು ಬಿಳಿ ಮೇಲೆ ಕಲೆಯಾಗಿ ಕಾಣುತ್ತದೆ. ಕಡು ಬಣ್ಣದ ಮೇಲೆ ಕಾಣುವುದೇ ಇಲ್ಲ.

ಕಾವ್ಯಾ
ಹಾಗಾದರೆ ಒಂದೇ ಗೋಡೆಗೆ ಗಾಢ ಹೊಡೆಸಿ ಉಳಿದ ಮೂರಕ್ಕೆ ತಿಳಿ ಹೊಡೆಸಬಹುದಲ್ಲ? ಎಲ್ಲರೂ ಹಾಗೇ ಮಾಡುತ್ತಾರೆ. ಮನೆಯವರಿಗೂ ಸಮಾಧಾನ.

ಗೋಡೆಕೆಲಸ
ದೊಡ್ಡ ಹಾಲ್‌ಗೆ ಆಗಬಹುದು ಅಮ್ಮ. 8×10ಕ್ಕೆ ನಾನಂತೂ ಬೇಡ ಅನ್ನುತ್ತೇನೆ. ಎರಡು ಮೂಲೆಯಲ್ಲಿ ಮೇಲಿಂದ ಕೆಳಗೆ ಹೊಸದಾಗಿ ಎರಡು ಗೆರೆ ಎಳೆದ ಹಾಗಾಯಿತು. ಗೋಡೆ ಎಷ್ಟು ಅಗಲ ಅಂತ ಎತ್ತಿ ತೋರಿಸಿದ ಹಾಗೆ.

ಅನಿಲ್_ಕೆ
ಇದನ್ನು ಒಪ್ಪುವುದಿಲ್ಲ. ನಮ್ಮದು ಉದ್ದನೆಯ ಇಕ್ಕಟ್ಟು ಕೋಣೆ. ಕೊನೆಯ ಚಿಕ್ಕ ಗೋಡೆಗೆ ಮಾತ್ರ ಕಡು ಹಸಿರು ಹೊಡೆಸಿದೆವು. ಸುರಂಗದ ಹಾಗಿದ್ದದ್ದು ಈಗ ಹದವಾಗಿ ಕಾಣುತ್ತದೆ. ಕೊನೆಯ ಗೋಡೆ ಹತ್ತಿರ ಬಂದ ಹಾಗಿದೆ, ಅದೇ ನಮಗೆ ಬೇಕಾಗಿದ್ದದ್ದು.

ಬಣ್ಣದಬುಟ್ಟಿ
ಅನಿಲ್ ಅವರೇ, ನೀವೇ ಹೇಳಿದಿರಿ ನೋಡಿ, ಗಾಢ ಗೋಡೆ ಹತ್ತಿರ ಬಂತು ಅಂತ!

ಅನಿಲ್_ಕೆ
ಹೌದು, ಬಂತು. ಬೇಕಾದ ಕಡೆ ಬಂತು. ಕೋಣೆ ಆಯಾ ಆಕಾರಕ್ಕೆ ತಕ್ಕ ಹಾಗೆ ನೋಡಬೇಕು ಅನ್ನುವುದೇ ನನ್ನ ಮಾತು. ಶಾಲಿನಿ ಅವರದ್ದು ಹೆಚ್ಚುಕಡಿಮೆ ಚೌಕ, ಅಲ್ಲಿ ಈ ಉಪಾಯಕ್ಕೆ ಕೆಲಸವಿಲ್ಲ ಅಂದರೆ ಒಪ್ಪುತ್ತೇನೆ.

ರಾಧಿಕಾ
ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಚಿಕ್ಕ ಮಲಗುವ ಕೋಣೆಗೆ ಕಡು ನೀಲಿ ಹೊಡೆಸಿ ಕೈ ಸುಟ್ಟುಕೊಂಡೆವು. ಕೆಲಸಕ್ಕೆ ಬಂದವರು "ಒರೆಸಲು ಸುಲಭ" ಅಂತ ಹೊಳಪಿನ ಪೇಂಟ್ ಹಾಕಿಬಿಟ್ಟರು. ಹಗಲಲ್ಲಿ ಪರವಾಗಿಲ್ಲ. ರಾತ್ರಿ ಗೋಡೆಯ ಮೇಲಿನ ಟ್ಯೂಬ್‌ಲೈಟ್ ಹಾಕಿದರೆ ಪುಟ್ಟಿ ಹಾಕಿದ ಪಟ್ಟಿಯ ಗುರುತು ಒಂದೊಂದೂ ಕಾಣುತ್ತದೆ. ಗೋಡೆಯಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಬೇರೆ. ರೋಲರ್ ಒಂದರ ಪಕ್ಕ ಒಂದು ಹೋದ ಕಡೆ ಉದ್ದುದ್ದ ಪಟ್ಟೆ. ಅದಕ್ಕಿಂತ ಹಳೆಯ ಕೆನೆ ಬಣ್ಣವೇ ಎಷ್ಟೋ ಚೆನ್ನಾಗಿತ್ತು.

ಗೋಡೆಕೆಲಸ
ಮೇಡಂ, ಅದು ಬಣ್ಣದ ತಪ್ಪಲ್ಲ, ಕೆಲಸದ ತಪ್ಪು. ಗಾಢ ಬಣ್ಣದಲ್ಲಿ ಹೊಳಪು ಇದ್ದರೆ ಗೋಡೆಯ ಉಬ್ಬು ತಗ್ಗು ಎಲ್ಲ ಎದ್ದು ಕಾಣುತ್ತದೆ. ಬಿಳಿಯಲ್ಲೂ ಉಬ್ಬು ತಗ್ಗು ಇರುತ್ತದೆ, ಅದು ಮುಚ್ಚಿಕೊಂಡು ಹೋಗುತ್ತದೆ. ಶಾಲಿನಿ ಮೇಡಂ ಇದನ್ನು ಓದಿಕೊಳ್ಳಲಿ, ನಾನು ಹೇಗೆ ಮಾಡುತ್ತೇನೆ ಅಂತ ಬರೆಯುತ್ತೇನೆ.

ಮೊದಲು ಗೋಡೆ. ಕತ್ತಲು ಮಾಡಿ ಒಂದು ಟಾರ್ಚ್ ಅನ್ನು ಗೋಡೆಗೆ ಒರಗಿಸಿದ ಹಾಗೆ ಹಿಡಿದು ಅಡ್ಡಡ್ಡ ಬೆಳಕು ಬಿಡುತ್ತೇನೆ. ತಗ್ಗಿದ್ದ ಕಡೆ ನೆರಳು ಬೀಳುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ ಪುಟ್ಟಿ ತುಂಬಿ, ಒಣಗಿದ ಮೇಲೆ ಸ್ಯಾಂಡ್ ಪೇಪರ್ ಹೊಡೆದು, ಮತ್ತೆ ಟಾರ್ಚ್ ಬಿಡಬೇಕು. ಧೂಳು ಒರೆಸಿ ಪ್ರೈಮರ್. ಕಡು ಬಣ್ಣಕ್ಕೆ ಬಿಳಿ ಪ್ರೈಮರ್ ಬೇಡ, ಬೂದು ಛಾಯೆ ಸೇರಿಸಿದ್ದು ಬೇಕು.

ಯಾಕೆಂದರೆ ಗಾಢ ಬಣ್ಣದ ಡಬ್ಬಿಯಲ್ಲಿ ಬಿಳಿ ಪಿಗ್ಮೆಂಟ್ ತುಂಬ ಕಡಿಮೆ. ಕೆಳಗಿನದನ್ನು ಮುಚ್ಚುವ ಶಕ್ತಿ ಹೆಚ್ಚಾಗಿ ಬರುವುದು ಆ ಬಿಳಿಯಿಂದ. ಹಾಗಾಗಿ ಮೊದಲ ಕೋಟ್ ನೋಡಿದರೆ ಎದೆ ಒಡೆಯುತ್ತದೆ, ಅಲ್ಲಲ್ಲಿ ಕೆಳಗಿನದು ಕಾಣುತ್ತದೆ. ಎಷ್ಟೋ ಜನ ಅಲ್ಲೇ ಹೆದರಿ ದಪ್ಪಗೆ ಹೊಡೆಸುತ್ತಾರೆ, ಪಟ್ಟೆ ಬೀಳುವುದು ಅದಕ್ಕೆ. ತೆಳ್ಳಗೆ ಮೂರು ಕೋಟ್ ಅಂತ ಮೊದಲೇ ಮಾತಾಡಿಕೊಳ್ಳಿ. ಒಂದು ಗೋಡೆ ಶುರು ಮಾಡಿದರೆ ಆ ಗೋಡೆ ಮುಗಿಯುವ ತನಕ ನಿಲ್ಲಿಸಬಾರದು. ಅರ್ಧ ಒಣಗಿದ ಅಂಚಿನ ಮೇಲೆ ಮತ್ತೆ ರೋಲರ್ ಹೋದರೆ ಆ ಗುರುತು ಹೋಗುವುದಿಲ್ಲ.

ಪೇಂಟ್ ಹೊಳಪಿಲ್ಲದ ಮ್ಯಾಟ್ ಇರಲಿ. ಅದರಲ್ಲೂ ಒರೆಸಲು ಬರುವ ಮ್ಯಾಟ್ ಸಿಗುತ್ತದೆ, ಅದನ್ನೇ ಕೇಳಿ. ಮಾಮೂಲಿ ಮ್ಯಾಟ್ ಮೇಲೆ ಬೆನ್ನು ತಾಗಿದ ಕಡೆ, ಕುರ್ಚಿ ಉಜ್ಜಿದ ಕಡೆ ಹೊಳಪು ಬಂದು ಕಲೆ ಆಗುತ್ತದೆ.

ರಾಧಿಕಾ
ಟಾರ್ಚ್ ವಿಷಯ ಯಾರೂ ಹೇಳಿರಲಿಲ್ಲ. ನಮ್ಮ ಗೋಡೆಗೆ ಈಗ ಪರಿಹಾರ ಇದೆಯಾ?

ಗೋಡೆಕೆಲಸ
ಇದೆ. ಹೊಳಪು ಹೋಗುವ ಹಾಗೆ ಸ್ಯಾಂಡ್ ಪೇಪರ್ ಹೊಡೆಸಿ, ತಗ್ಗು ತುಂಬಿಸಿ, ತುಂಬಿದ ಜಾಗಕ್ಕೆ ಪ್ರೈಮರ್ ಹಾಕಿಸಿ, ಅದೇ ಬಣ್ಣವನ್ನು ಮ್ಯಾಟ್‌ನಲ್ಲಿ ಎರಡು ಕೋಟ್. ಪ್ರೈಮರ್ ಬಿಟ್ಟರೆ ಪುಟ್ಟಿ ಹಾಕಿದ ಜಾಗ ಬೇರೆಯಾಗಿಯೇ ಕಾಣುತ್ತದೆ.

ಶಾಲಿನಿ
ತುಂಬ ಉಪಯೋಗ ಆಯಿತು. ಪೇಂಟ್ ಎಷ್ಟು ಲೀಟರ್ ಬೇಕಾದೀತು? ಬಾಗಿಲು 7×3, ಕಿಟಕಿ 3×3.

ಗೋಡೆಕೆಲಸ
ಬಾಗಿಲು ಕಿಟಕಿ ಕಳೆದರೆ 294 ಚದರ ಅಡಿ, ಸುಮಾರು 27 ಚದರ ಮೀಟರ್. ಲೀಟರ್‌ಗೆ ಒಂದು ಕೋಟ್ 10 ಚದರ ಮೀಟರ್ ಅಂತ ಹಿಡಿಯಿರಿ. ಮೂರು ಕೋಟ್‌ಗೆ 8 ಲೀಟರ್ ಸ್ವಲ್ಪ ಮೇಲೆ. ಪೂರ್ತಿ ಒಂದೇ ಸಲ ಮಿಕ್ಸ್ ಮಾಡಿಸಿ, ಎಲ್ಲ ಡಬ್ಬಿಯನ್ನೂ ಒಂದು ದೊಡ್ಡ ಬಕೆಟ್‌ಗೆ ಸುರಿದು ಕಲಸಿಕೊಳ್ಳಿ. ಆಮೇಲೆ ತಂದ ಡಬ್ಬಿಯಲ್ಲಿ ಕೂದಲೆಳೆ ವ್ಯತ್ಯಾಸ ಇದ್ದರೂ ಗಾಢ ಬಣ್ಣದಲ್ಲಿ ಗೋಡೆ ನಡುವೆ ಗೊತ್ತಾಗುತ್ತದೆ.

ಜಯಣ್ಣ
ಒಂದು ಮಾತು. ಅಲ್ಲಿ ವಯಸ್ಸಾದವರು ಯಾರಾದರೂ ಮಲಗುತ್ತಾರಾ? ನಮ್ಮ ತಾಯಿಗೆ ಕಣ್ಣಿನ ಪೊರೆ ಇತ್ತು. ಬಾಗಿಲು, ಗೋಡೆ ಒಂದೇ ಬಣ್ಣ ಇದ್ದ ಕೋಣೆಯಲ್ಲಿ ಅವರಿಗೆ ರಾತ್ರಿ ಬಾಗಿಲು ಎಲ್ಲಿದೆ ಅಂತಲೇ ತಿಳಿಯುತ್ತಿರಲಿಲ್ಲ. ಗೋಡೆ ಸವರಿಕೊಂಡು ಹೋಗುತ್ತಿದ್ದರು. ಪೇಂಟರ್ ಅಣ್ಣ ಗೆರೆ ಮಾಯ ಮಾಡಿ ಅಂತಾರೆ, ಅವರಿಗೆ ಬೇಕಾಗಿದ್ದದ್ದು ಆ ಗೆರೆಯೇ.

ನೆರಳುಬೆಳಕು
ಬಹಳ ಮುಖ್ಯವಾದ ಮಾತು. ಕಣ್ಣು ಮಂಜಾದವರಿಗೆ ಬಾಗಿಲ ಚೌಕಟ್ಟು, ಸ್ವಿಚ್ ಬೋರ್ಡ್, ನೆಲದ ಅಂಚು ಗೋಡೆಯಿಂದ ಬೇರೆಯಾಗಿ ಕಾಣಲೇಬೇಕು. ಅಂಥವರು ಇರುವ ಕೋಣೆಗೆ ಎಲ್ಲಕ್ಕೂ ಒಂದೇ ಬಣ್ಣ ಅನ್ನುವ ಉಪಾಯ ಬೇಡ.

ಹಗಲೆಲ್ಲ ಕೂತು ಕೆಲಸ ಮಾಡುವ ಕೋಣೆಗೂ ನಾನು ಕಡು ಬಣ್ಣ ಹೇಳುವುದಿಲ್ಲ. ಕೆಲಸದ ಜಾಗದ ಬೆಳಕಿಗೆ ಯುರೋಪಿನಲ್ಲಿ ಇಎನ್ 12464-1 ಅಂತ ಒಂದು ಮಾನದಂಡ ಇದೆ. ಅದರ 2011ರ ಆವೃತ್ತಿ ಗೋಡೆಗೆ ಶೇ. 50ರಿಂದ 80, ಸೀಲಿಂಗ್‌ಗೆ ಶೇ. 70ರಿಂದ 90 ಬೆಳಕು ವಾಪಸ್ ಬರುವಂಥ ಬಣ್ಣ ಹೇಳುತ್ತದೆ. ಅಲ್ಲಿಯೂ ಕೋಣೆ ದೊಡ್ಡದಾ ಚಿಕ್ಕದಾ ಅನ್ನುವುದು ಪ್ರಶ್ನೆಯಲ್ಲ, ಒಳಗೆ ಏನು ಕೆಲಸ ನಡೆಯುತ್ತದೆ ಅನ್ನುವುದು ಪ್ರಶ್ನೆ.

ಶಾಲಿನಿ
@ಜಯಣ್ಣ, ನಮ್ಮ ಅತ್ತೆ ಬಂದಾಗ ಅಲ್ಲೇ ಮಲಗುತ್ತಾರೆ. ನೀವು ಹೇಳಿದ್ದು ಒಳ್ಳೆಯದಾಯಿತು. ಬಾಗಿಲನ್ನು ಬೇರೆ ಬಣ್ಣದಲ್ಲೇ ಬಿಡುತ್ತೇನೆ. ಈಗ ಇರುವ ಮರದ ಬಣ್ಣ ಚೆನ್ನಾಗಿಯೇ ಇದೆ.

ಇನ್ನೊಂದು ಪ್ರಶ್ನೆ: ಶೇಡ್ ಕಾರ್ಡ್ ನೋಡಿ ಬಣ್ಣ ಆರಿಸಲು ಧೈರ್ಯ ಸಾಲುತ್ತಿಲ್ಲ. ಗೋಡೆಗೆ ಒಂದು ಕಡೆ ಸ್ವಲ್ಪ ಹಚ್ಚಿ ನೋಡಲಾ?

ನೆರಳುಬೆಳಕು
ಗೋಡೆಗೆ ಬೇಡ. ಸುತ್ತ ಬಿಳಿ ಇರುವಾಗ ಮಧ್ಯೆ ಹಚ್ಚಿದ ಗಾಢ ಬಣ್ಣ ಇರುವುದಕ್ಕಿಂತ ಕಪ್ಪಗೆ ಕಾಣುತ್ತದೆ. ಹೆದರಿ ಕೈಬಿಡುವವರೇ ಜಾಸ್ತಿ. 2 ಅಡಿ ಚೌಕದ ಹಾರ್ಡ್‌ಬೋರ್ಡ್ ತುಂಡಿಗೆ ಅಂಚಿನ ತನಕ ಎರಡು ಕೋಟ್ ಹೊಡೆದು ಪೂರ್ತಿ ಒಣಗಲು ಬಿಡಿ. ಅದನ್ನು ಮೂಲೆಯಲ್ಲಿ, ಕಿಟಕಿ ಗೋಡೆಯಲ್ಲಿ, ದೀಪದ ಕೆಳಗೆ ಇಟ್ಟು ಹಗಲು ರಾತ್ರಿ ಎರಡು ಹೊತ್ತೂ ನೋಡಿ. ನೋಡುವಾಗ ಬೋರ್ಡ್ ಹತ್ತಿರವೇ ನಿಂತು, ಹಿಂದಿನ ಬಿಳಿ ಗೋಡೆ ಕಣ್ಣಿಗೆ ಬೀಳದ ಹಾಗೆ ನೋಡಿ.

ದೀಪ ಬದಲಾಯಿಸುವುದಿದ್ದರೆ ಮೊದಲು ದೀಪ, ಆಮೇಲೆ ಬಣ್ಣ. 6500 ಕೆಲ್ವಿನ್ ಬೆಳ್ಳನೆ ದೀಪದಲ್ಲಿ ನೀಲಿಯಾಗಿ ಕಂಡದ್ದು 2700 ಕೆಲ್ವಿನ್ ಹಳದಿ ದೀಪದಲ್ಲಿ ಹಸಿರಿನ ಕಡೆ ವಾಲುತ್ತದೆ. ದೀಪ ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವುದಕ್ಕೆ ಸಿಆರ್‌ಐ ಅಂತ ಒಂದು ಅಂಕ ಇದೆ; ಡಬ್ಬದ ಮೇಲೆ ಅದು 90 ಅಥವಾ ಜಾಸ್ತಿ ಇರುವ ಬಲ್ಬ್ ತನ್ನಿ, ಇಲ್ಲದಿದ್ದರೆ ಗಾಢ ಬಣ್ಣ ಕೊಚ್ಚೆಯಾಗಿ ಕಾಣುವ ಸಂಭವ ಇದೆ. ಸೀಲಿಂಗ್‌ನ ಒಂದು ದೀಪದ ಜೊತೆ ಓದುವ ಕುರ್ಚಿಯ ಪಕ್ಕ ಒಂದು, ಎದುರು ಮೂಲೆಯಲ್ಲಿ ಗೋಡೆಗೆ ಬೆಳಕು ಬೀಳುವ ಹಾಗೆ ಒಂದು. ಗಾಢ ಗೋಡೆಯ ಮೇಲೆ ಬೆಳಕು ಬಿದ್ದಾಗಲೇ ಅದರ ಬಣ್ಣ ಹೊರಗೆ ಬರುವುದು.

ಬಣ್ಣದಬುಟ್ಟಿ
ಕಿಟಕಿ ಗೋಡೆ ವಿಷಯ ಯಾರೂ ಮಾತಾಡುತ್ತಿಲ್ಲ. ಅದು ಈಗಲೇ ಕಪ್ಪಗೆ ಕಾಣುತ್ತದೆ. ಅದಕ್ಕೂ ಕಡು ಬಣ್ಣ ಹೊಡೆದರೆ ಹಗಲಲ್ಲಿ ಕಿಟಕಿ ಕಣ್ಣಿಗೆ ಚುಚ್ಚುವುದಿಲ್ಲವೇ?

ನೆರಳುಬೆಳಕು
ಚುಚ್ಚುತ್ತದೆ. ಇಲ್ಲಿ ನಿಮ್ಮ ಮಾತು ಪೂರ್ತಿ ಸರಿ. ಹೊಳೆಯುವ ಕಿಟಕಿ, ಪಕ್ಕದಲ್ಲೇ ಕಡು ಗೋಡೆ, ನಡುವೆ ಮೆಟ್ಟಿಲೇ ಇಲ್ಲ. ಅದಕ್ಕೆ ಕಿಟಕಿಯ ಒಳಬದಿಯ ಗೋಡೆ ದಪ್ಪ ಇರುತ್ತದಲ್ಲ, ಗಾಜಿನಿಂದ ಕೋಣೆಯ ತನಕ ಬರುವ ಆ ನಾಲ್ಕು ಪಟ್ಟಿ, ಅದಕ್ಕೆ ಮಾತ್ರ ತಿಳಿ ಬಣ್ಣ ಹೊಡೆಸಿ. ಅದರ ಮೇಲೆ ಬೆಳಕು ನೇರವಾಗಿ ಬೀಳುತ್ತದೆ. ಅಲ್ಲಿ ಬಿಳಿ ನಿಜವಾಗಿಯೂ ಬಿಳಿಯಾಗಿ ಕಾಣುತ್ತದೆ, ಕಣ್ಣಿಗೂ ಕಿಟಕಿಯಿಂದ ಗೋಡೆಗೆ ಇಳಿಯಲು ಒಂದು ಹಂತ ಸಿಗುತ್ತದೆ. ಬೆಳಕು ಎಲ್ಲಿ ಬೀಳುತ್ತದೋ ಅಲ್ಲಿ ತಿಳಿ ಬಣ್ಣ ದುಡಿಯುತ್ತದೆ.

ಅನಿಲ್_ಕೆ
ಸೀಲಿಂಗ್ ಏನು ಮಾಡುವುದು? ಈಗೀಗ ಅದಕ್ಕೂ ಗೋಡೆಯ ಬಣ್ಣವನ್ನೇ ಹೊಡೆಸುತ್ತಾರೆ.

ಗೋಡೆಕೆಲಸ
ನನ್ನ ಪ್ರಕಾರ ಹೊಡೆಸಬೇಕು. ಕಡು ಗೋಡೆ ಮೇಲೆ ಅಚ್ಚ ಬಿಳಿ ಸೀಲಿಂಗ್ ಇದ್ದರೆ ಸುತ್ತಲೂ ಕತ್ತರಿಸಿದ ಹಾಗೆ ಗೆರೆ ಬರುತ್ತದೆ. ನಮ್ಮ ಗೋಡೆಗಳು ಮೇಲೆ ನೇರ ಇರುವುದೂ ಕಡಿಮೆ. ಸೊಟ್ಟ ಇದ್ದರೆ ಆ ಗೆರೆಯಲ್ಲಿ ಎಲ್ಲ ಬಯಲಾಗುತ್ತದೆ.

ನೆರಳುಬೆಳಕು
ನಾನು ಬೇಡ ಅನ್ನುತ್ತೇನೆ. ಆ ಅಧ್ಯಯನದಲ್ಲಿ ಎತ್ತರಕ್ಕೆ ಸೀಲಿಂಗ್‌ನ ತಿಳಿ ಬಣ್ಣ ಸಹಾಯ ಮಾಡಿತ್ತು. ಮೇಲೆ ಹೇಳಿದ ಲೆಕ್ಕದಲ್ಲೂ ಸೀಲಿಂಗ್ ಬಿಳಿ ಅಂತಲೇ ಹಿಡಿದಿದ್ದೆ. ಅದನ್ನೂ ಕಡು ಮಾಡಿದರೆ ಸರಾಸರಿ 13ಕ್ಕೆ ಇಳಿಯುತ್ತದೆ, ಹೆಚ್ಚುಕಡಿಮೆ ಅರ್ಧ. ಗೋಡೆ ಬಣ್ಣದ್ದೇ ತುಂಬ ತಿಳಿ ಛಾಯೆಯನ್ನು ಸೀಲಿಂಗ್‌ಗೆ ಹೊಡೆಸಿದರೆ ಗೆರೆಯೂ ಮೆತ್ತಗಾಗುತ್ತದೆ, ಬೆಳಕೂ ಉಳಿಯುತ್ತದೆ.

ಗೋಡೆಕೆಲಸ
ಮಧ್ಯದ ದಾರಿ ಮಾಡಿದರೆ ಮಧ್ಯದ ಫಲವೇ ಸಿಗುವುದು ಸರ್. ನಾನು ಮಾಡಿದ ಪೂರ್ತಿ ಕಡು ಕೋಣೆಗಳಲ್ಲಿ ಮಲಗಿ ಮೇಲೆ ನೋಡಿದರೆ ಸೀಲಿಂಗ್ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಎತ್ತರ ಕಡಿಮೆ ಅಂತ ಯಾರೂ ದೂರಿಲ್ಲ.

ನೆರಳುಬೆಳಕು
ಮಲಗುವ ಕೋಣೆಯಲ್ಲಿ ಇರಬಹುದು. ಓದುವ ಕೋಣೆಗೆ ನಾನು ಒಪ್ಪಲಾರೆ.

ಬಣ್ಣದಬುಟ್ಟಿ
ನಾನು ನನ್ನ ಚಿಕ್ಕ ಕೋಣೆಗೆ ತಿಳಿಯನ್ನೇ ಹೊಡೆಸುತ್ತೇನೆ. ಆದರೆ ಅದು ಪೂರ್ವಕ್ಕಿದೆ, ಬೆಳಿಗ್ಗೆ ಬಿಸಿಲು ಗೋಡೆ ತುಂಬ ಬೀಳುತ್ತದೆ. ಇವರ ಕೋಣೆಗೆ ಅದೇ ಮಾತು ಹೇಳುವುದು ಕಷ್ಟ ಅನ್ನಿಸುತ್ತಿದೆ. ಸೀಲಿಂಗ್ ಮಾತ್ರ ಬಿಳಿ ಇರಲಿ ಮೇಡಂ.

ಶಾಲಿನಿ
ಬೋರ್ಡ್ ಮೇಲೆ ಎರಡು ಬಣ್ಣ ಹೊಡೆದು ಇಟ್ಟಿದ್ದೇನೆ. ಒಂದು ನಾನು ಮೊದಲು ಅಂದುಕೊಂಡದ್ದು. ಇನ್ನೊಂದು ಅದಕ್ಕಿಂತ ಒಂದು ಮೆಟ್ಟಿಲು ತಿಳಿ. ಹಗಲು ಮೂಲೆಯಲ್ಲಿ ಇಟ್ಟರೆ ಎರಡನೆಯದು ಮಂಕು, ಮೊದಲನೆಯದೇ ಚೆಂದ. ರಾತ್ರಿ ಹಳದಿ ದೀಪದಲ್ಲಿ ಮೊದಲನೆಯದು ನಿಜವಾಗಿಯೂ ಹಸಿರಾಗಿಬಿಡುತ್ತದೆ, ಆದರೆ ಆ ಹಸಿರೂ ಮನಸ್ಸಿಗೆ ಹಿಡಿಸಿತು. ಮನೆಯವರು ಬೋರ್ಡ್ ನೋಡಿ "ಇಷ್ಟೇನಾ?" ಅಂದರು. ಗುಹೆ ಮಾತು ಸದ್ಯಕ್ಕೆ ನಿಂತಿದೆ.

ಗೋಡೆಗೆ ಕಡು, ಕಿಟಕಿ ಒಳಪಟ್ಟಿಗೆ ತಿಳಿ, ಬಾಗಿಲು ಮರದ ಬಣ್ಣದಲ್ಲೇ. ಸೀಲಿಂಗ್ ಇನ್ನೂ ತೀರ್ಮಾನ ಆಗಿಲ್ಲ.

ಗೋಡೆಕೆಲಸ
ಸೀಲಿಂಗ್ ತೀರ್ಮಾನ ಆಗದೆ ಗೋಡೆ ಶುರು ಮಾಡಿಸಬೇಡಿ. ಮೊದಲು ಹೊಡೆಯುವುದು ಸೀಲಿಂಗ್. ಕಡು ಗೋಡೆ ಮುಗಿದ ಮೇಲೆ ಸೀಲಿಂಗ್‌ಗೆ ರೋಲರ್ ಹಾಕಿದರೆ ಬಿಳಿ ಹನಿ ಗೋಡೆ ಮೇಲೆ ಬೀಳುತ್ತದೆ. ಮ್ಯಾಟ್ ಮೇಲೆ ಅದನ್ನು ಒರೆಸಲು ಹೋದರೆ ಗುರುತು ಉಳಿಯುತ್ತದೆ, ಆ ಗೋಡೆ ಪೂರ್ತಿ ಮತ್ತೊಂದು ಕೋಟ್ ಕೇಳುತ್ತದೆ.

ಶಾಲಿನಿ
ಸರಿ ಅಣ್ಣ. ಇನ್ನೊಂದು ಬೋರ್ಡಿಗೆ ಸೀಲಿಂಗ್‌ನ ತಿಳಿ ಛಾಯೆ ಹೊಡೆದು, ಕಡು ಬೋರ್ಡಿನ ಪಕ್ಕ ಮೇಲೆ ಟೇಪ್ ಹಾಕಿ ಅಂಟಿಸಿ ನೋಡುತ್ತೇನೆ. ಆಮೇಲೆ ಫೋಟೋ ಹಾಕುತ್ತೇನೆ.

ಸುಮ್ನೆಓದುವವ
ಫೋಟೋ ರಾತ್ರಿಯದೂ ಹಾಕಿ, ಹಗಲಿನದೂ ಹಾಕಿ. ಫೋನ್ ಕ್ಯಾಮೆರಾ ತಾನಾಗೇ ಬೆಳಕು ಏರಿಸಿಬಿಡುತ್ತದೆ, ಗಾಢ ಬಣ್ಣ ತಿಳಿಯಾಗಿ ಕಾಣುತ್ತದೆ. ಪಕ್ಕದಲ್ಲಿ ಆ ಬಿಳಿ ಹಾಳೆಯನ್ನೂ ಇಟ್ಟು ತೆಗೆದರೆ ನಮಗೆ ಅಂದಾಜು ಸಿಗುತ್ತದೆ.